ಫ್ರೇಮ್ ಹಾಕಿದ ಹಳೇ ಫೋಟೋನ ಮೊಬೈಲಲ್ಲಿ ತೆಗೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕೊಡಗಲ್ಲಿ ಪುತ್ತರಿ ಹಬ್ಬ ಹತ್ರ ಬಂತು ಅಂದ್ರೆ ನಂಗೆ ಫೋನ್ ಬರೋಕೆ ಶುರು ಆಗುತ್ತೆ. ಎಲ್ಲರೂ ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲ ಮನೆಗೆ ಬಂದಿರ್ತಾರೆ, ಗೋಡೆ ಮೇಲೆ ಅಜ್ಜನ ಫೋಟೋ, ಮುತ್ತಜ್ಜನ ಫೋಟೋ ಸಾಲಾಗಿ ಇರುತ್ತೆ, ಯಾರೋ ಒಬ್ರು ಮೊಬೈಲ್ ಎತ್ತಿ ಕ್ಲಿಕ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ, ನೋಡಿದ್ರೆ ಅಜ್ಜನ ಎದೆ ಮೇಲೆ ಬಾಗಿಲು, ಮುಖದ ಮೇಲೆ ಟ್ಯೂಬ್‌ಲೈಟು, ಮಧ್ಯದಲ್ಲಿ ಫೋನ್ ಹಿಡ್ಕೊಂಡಿರೋ ಮೊಮ್ಮಗ. ಆಮೇಲೆ ನಂಗೆ ಫೋನು. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿ ಸಾಕಾಯ್ತು, ಅದಕ್ಕೆ ಎಲ್ಲಾ ಇಲ್ಲೇ ಬರೆದು ಇಡ್ತಿದೀನಿ.

ಗಾಜಿನ ಮೇಲೆ ನಮ್ಮದೇ ಬಿಂಬ ಯಾಕೆ ಬೀಳುತ್ತೆ? ಕಣ್ಣಿಗೆ ಅಷ್ಟು ಕಾಣಲ್ಲ, ಫೋಟೋದಲ್ಲಿ ಮಾತ್ರ ಎದ್ದು ಕಾಣುತ್ತಲ್ಲ?

ಮಾಮೂಲಿ ಫ್ರೇಮ್ ಗಾಜು ತನ್ನ ಮೇಲೆ ನೇರವಾಗಿ ಬೀಳೋ ಬೆಳಕಲ್ಲಿ ಸುಮಾರು 8 ಪರ್ಸೆಂಟ್ ವಾಪಸ್ ಕಳಿಸುತ್ತೆ, ಮುಂದಿನ ಮೈಯಿಂದ 4, ಹಿಂದಿನ ಮೈಯಿಂದ 4. ಕೇಳೋಕೆ ಕಮ್ಮಿ ಅನ್ಸುತ್ತೆ. ಆದ್ರೆ ಕಪ್ಪು ಬಿಳುಪು ಫೋಟೋದಲ್ಲಿ ಗಾಢ ಕಪ್ಪು ಇರೋ ಜಾಗ ಅದಕ್ಕಿಂತ ಕಮ್ಮಿ ಬೆಳಕು ಕೊಡುತ್ತೆ, ಅಂದ್ರೆ ಅಲ್ಲಿ ಫೋಟೋಗಿಂತ ಬಿಂಬಾನೇ ಜೋರು. ಬಿಳಿ ಜಾಗದಲ್ಲಿ ಅದೇ ಬಿಂಬ ಮುಳುಗಿ ಹೋಗುತ್ತೆ, ಕಾಣಲ್ಲ.

ನಮ್ಮ ಕಡೆ ಇದು ಇನ್ನೂ ಜಾಸ್ತಿ ತೊಂದ್ರೆ ಯಾಕಂದ್ರೆ ನಮ್ಮ ಹಳೇ ಫೋಟೋಗಳಲ್ಲಿ ಗಂಡಸರೆಲ್ಲ ಕಪ್ಪು ಕುಪ್ಯ, ಅಂದ್ರೆ ಕೊಡವರ ಉದ್ದ ಕೋಟು, ಹಾಕಿ ನಿಂತಿರ್ತಾರೆ. ಆ ಕುಪ್ಯ ಅನ್ನೋದು ಫ್ರೇಮ್ ಒಳಗೆ ಒಂದು ಕನ್ನಡಿ ಇಟ್ಟ ಹಾಗೆ. ಮದುಮಗನ ಬಿಳಿ ಕುಪ್ಯದ ಫೋಟೋ ಇದ್ರೆ ಅರ್ಧ ಕಷ್ಟ ಕಮ್ಮಿ, ನೀವೇ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕಣ್ಣಿಗೆ ಯಾಕೆ ಕಾಣಲ್ಲ ಅಂದ್ರೆ ನಾವು ತಲೆ ಆಡಿಸ್ತಾ ನೋಡ್ತೀವಿ, ಎರಡು ಕಣ್ಣು ಇದೆ, ಮನಸ್ಸು ಬಿಂಬಾನ ಬಿಟ್ಟು ಫೋಟೋನ ಮಾತ್ರ ಆರಿಸ್ಕೊಳ್ಳುತ್ತೆ. ಫೋನಿಗೆ ಒಂದೇ ಕಣ್ಣು, ಅದೂ ಅಲ್ಲಾಡ್ದೆ ನಿಂತಿರುತ್ತೆ.

ಹಾಗಾದ್ರೆ ಸ್ವಲ್ಪ ಸೈಡಿಂದ ತೆಗೆದ್ರೆ ಆಯ್ತಲ್ಲ?

ಎಲ್ಲರೂ ಮೊದಲು ಮಾಡೋದು ಅದೇ. ಸೈಡಿಂದ ತೆಗೆದ್ರೆ ನಿಮ್ಮ ಬಿಂಬ ಹೋಗುತ್ತೆ ಆದ್ರೆ ಎದುರು ಸೈಡಲ್ಲಿ ಏನಿದೆಯೋ ಅದು ಬರುತ್ತೆ, ಕಿಟಕಿ ಇದ್ರೆ ಮುಗೀತು. ಮತ್ತೆ ಫೋಟೋ ಚೌಕ ಉಳಿಯಲ್ಲ, ಹತ್ರದ ಅಂಚು ಉದ್ದ, ದೂರದ ಅಂಚು ಗಿಡ್ಡ. ಆಮೇಲೆ ಆಪಲ್ಲಿ ಎಳೆದು ಸರಿ ಮಾಡಬಹುದು ನಿಜ, ಆದ್ರೆ ಎಳೆದಾಗ ದೂರದ ಕಡೆಯ ಮುಖಗಳು ಮಬ್ಬಾಗುತ್ತೆ. ನೇರವಾಗಿ ಎದುರು ನಿಂತು ಬಿಂಬಾನ ಸಾಯಿಸೋದು ಕಲಿತ್ರೆ ಎರಡೂ ಕೆಲಸ ಒಟ್ಟಿಗೆ ಆಗುತ್ತೆ. ಅದರ ಬಗ್ಗೇನೇ ಮುಂದೆ ಹೇಳ್ತೀನಿ.

ಬಿಂಬ ಸಾಯಿಸೋದು ಹೇಗೆ?

ಗಾಜು ಏನನ್ನ ನೋಡುತ್ತೋ ಅದನ್ನ ತೋರಿಸುತ್ತೆ. ಅದರ ಎದುರು ಕಪ್ಪು ಬಿಟ್ಟು ಬೇರೆ ಏನೂ ಇಲ್ಲ ಅಂದ್ರೆ ಅದು ತೋರಿಸೋದು ಕಪ್ಪೇ, ಅಂದ್ರೆ ಏನೂ ಇಲ್ಲ. ಹಾಗಾಗಿ ಫೋನ್ ಇರೋ ಜಾಗದಲ್ಲೇ ಒಂದು ಕಪ್ಪು ಬಟ್ಟೆ ಪರದೆ ಥರ ಇಳಿಬಿಡಿ, ಅದರ ಮಧ್ಯದಿಂದ ಲೆನ್ಸ್ ಮಾತ್ರ ಇಣುಕಬೇಕು.

ಬಟ್ಟೆ ಎಷ್ಟು ದೊಡ್ಡದು ಬೇಕು ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ: ಲೆನ್ಸ್ ಫ್ರೇಮಿನ ನಡುಮಧ್ಯಕ್ಕೆ ನೇರ ಇದ್ರೆ, ಗಾಜಿನ ಅಗಲದ ಎರಡರಷ್ಟು ಅಗಲ, ಎತ್ತರದ ಎರಡರಷ್ಟು ಎತ್ತರ. ನೀವು ಹತ್ರ ನಿಲ್ಲಿ ದೂರ ನಿಲ್ಲಿ, ಬಟ್ಟೆ ಲೆನ್ಸ್ ಜೊತೆನೇ ಇದ್ರೆ ಈ ಲೆಕ್ಕ ಬದಲಾಗಲ್ಲ. ಗಾಜು 16 ಇಂಚು ಅಗಲ 14 ಇಂಚು ಎತ್ತರ ಇದ್ರೆ 32 ಇಂಚು ಅಗಲ 28 ಇಂಚು ಎತ್ತರದ ಕಪ್ಪು ಸಾಕು. ಬಟ್ಟೆ ನಿಮ್ಮ ಹಿಂದೆ ದೂರದಲ್ಲಿದ್ರೆ ಮಾತ್ರ ಇನ್ನೂ ದೊಡ್ಡದು ಬೇಕಾಗುತ್ತೆ, ಜೊತೆಗೆ ನೀವೂ ಬಿಂಬದಲ್ಲಿ ಬರ್ತೀರ. ಕೆಲವರು ಹಿಂದಿನ ಗೋಡೆಗೆ ಕಂಬಳಿ ಹೊದಿಸಿ ಮುಂದೆ ಬಿಳಿ ಬನಿಯನ್ ಹಾಕಿ ನಿಂತಿರ್ತಾರೆ, ಏನು ಮಾಡೋದು.

ಅಷ್ಟು ದೊಡ್ಡ ಕಪ್ಪು ಬಟ್ಟೆ ಎಲ್ಲಿಂದ ತರೋದು?

ಮನೇಲಿ ಯಾರಾದ್ರೂ ಶಬರಿಮಲೆಗೆ ಹೋಗಿ ಬಂದಿದ್ರೆ ಕಪ್ಪು ಪಂಚೆ ಇರುತ್ತೆ, ಕೇಳಿ ತಗೊಳ್ಳಿ, ಇದಕ್ಕಿಂತ ಒಳ್ಳೇದು ಸಿಗಲ್ಲ. ಕಾಟನ್, ಹೊಳಪಿಲ್ಲ, ಅಗಲ ಬೇಕಾದಷ್ಟು. ಕತ್ತರಿಸೋದೂ ಬೇಡ: ಬಟ್ಟೆ ಒಣಗಿಸೋ ಹಗ್ಗದ ಮೇಲೆ ಎರಡು ತುಂಡಾಗಿ, ಅಥವಾ ಒಂದೇ ಪಂಚೆಯ ಎರಡು ತುದಿ ಮಧ್ಯದಲ್ಲಿ ಸೇರೋ ಹಾಗೆ ಹಾಕಿ, ಸೇರೋ ಜಾಗದಲ್ಲಿ ಲೆನ್ಸ್ ಇಣುಕಿಸಿ ಮೇಲೆ ಕೆಳಗೆ ಬಟ್ಟೆ ಕ್ಲಿಪ್ ಹಾಕಿ.

ಕಪ್ಪು ಕೊಡೆ ಆಗುತ್ತಾ ಅಂತ ಮಳೆಗಾಲದಲ್ಲಿ ಎಲ್ಲರೂ ಕೇಳ್ತಾರೆ. ಆಗುತ್ತೆ, ಆದ್ರೆ ಹೊಸ ನೈಲಾನ್ ಕೊಡೆ ಹೊಳೆಯುತ್ತೆ, ಕಡ್ಡಿಗಳೂ ಗಾಜಲ್ಲಿ ಗೆರೆ ಗೆರೆಯಾಗಿ ಬರುತ್ತೆ. ಕಪ್ಪು ಸ್ಯಾಟಿನ್, ಕಪ್ಪು ಪ್ಲಾಸ್ಟಿಕ್ ಕವರ್ ಕೂಡ ಬೇಡ. ಗಾಢ ನೀಲಿ ಬೆಡ್‌ಶೀಟ್ ಇದ್ರೆ ಕಪ್ಪು ಬಿಳುಪು ಫೋಟೋಗೆ ನಡೆಯುತ್ತೆ.

ಫೋಟೋ ಓರೆ ಬರುತ್ತೆ, ಮೇಲೆ ಅಗಲ ಕೆಳಗೆ ಸಣ್ಣ. ಗ್ರಿಡ್ ಲೈನ್ ಹಾಕಿದ್ರೂ ಸರಿ ಹೋಗ್ತಿಲ್ಲ.

ಗ್ರಿಡ್ ಲೈನ್ ಫೋನ್ ಎಡಕ್ಕೆ ಬಲಕ್ಕೆ ವಾಲಿದ್ಯಾ ಅಂತ ಚೆನ್ನಾಗಿ ತೋರಿಸುತ್ತೆ. ಆದ್ರೆ ಫೋನ್ ಮುಂದಕ್ಕೆ ಬಗ್ಗಿದ್ಯಾ, ಹಿಂದಕ್ಕೆ ಬಗ್ಗಿದ್ಯಾ ಅನ್ನೋದು ಅದರಲ್ಲಿ ಸಣ್ಣದಾಗಿದ್ರೆ ಗೊತ್ತಾಗಲ್ಲ. ಓರೆ ಬರೋದು ಅದರಿಂದಾನೇ. ಹಳೇ ಮರದ ಫ್ರೇಮ್ ನೂರಕ್ಕೆ ನೂರು ಚೌಕ ಇರುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ, ನಮ್ಮ ತೇವಕ್ಕೆ ಮೂಲೆ ಬಿಟ್ಟು ಹೋಗಿರುತ್ತೆ, ಅದನ್ನ ನೋಡಿ ಗ್ರಿಡ್ ಹೊಂದಿಸಿದ್ರೆ ತಪ್ಪಿಗೆ ತಪ್ಪು ಹೊಂದಿಸಿದ ಹಾಗೆ.

ಇಲ್ಲಿ ಬಿಂಬಾನೇ ನಮಗೆ ಸಹಾಯ ಮಾಡುತ್ತೆ. ಕಪ್ಪು ಬಟ್ಟೆ ಮುಚ್ಚೋ ಮೊದಲು, ಬಟ್ಟೆ ಸರಿಸಿ ಇಟ್ಕೊಂಡು, ಸ್ಕ್ರೀನಲ್ಲಿ ನಿಮ್ಮ ಫೋನಿನ ಬಿಂಬ ಹುಡುಕಿ. ಅದರಲ್ಲಿ ಲೆನ್ಸ್ ಕಾಣುತ್ತೆ. ಆ ಲೆನ್ಸಿನ ಬಿಂಬ ಸ್ಕ್ರೀನಿನ ಸರಿಯಾಗಿ ಮಧ್ಯದಲ್ಲಿ, ಅಂದ್ರೆ ಗ್ರಿಡ್ಡಿನ ನಡುವಿನ ಮನೆಯ ಮಧ್ಯದಲ್ಲಿ ಬಂದ್ರೆ ಫೋನು ಗಾಜಿಗೆ ಪೂರ್ತಿ ಎದುರು ಇದೆ ಅಂತ ಅರ್ಥ. ಕೆಳಗೆ ಬಂದ್ರೆ ಫೋನ್ ಮೇಲಕ್ಕೆ ನೋಡ್ತಿದೆ, ಎಡಕ್ಕೆ ಬಂದ್ರೆ ಬಲಕ್ಕೆ ನೋಡ್ತಿದೆ. ಎರಡೂವರೆ ಅಡಿ ದೂರದಿಂದ ತೆಗೀತಿದ್ರೆ ಗಾಜಿನ ಮೇಲೆ ಅರ್ಧ ಇಂಚು ಆಚೀಚೆ ಆದ್ರೆ ಒಂದು ಡಿಗ್ರಿ ತಪ್ಪು. ಒಂದು ಡಿಗ್ರಿಗೆ 12 ಇಂಚಿನ ಫೋಟೋದಲ್ಲಿ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಬರೋ ವ್ಯತ್ಯಾಸ ಒಂದು ಇಂಚಿನ ಹತ್ತನೇ ಒಂದು ಭಾಗವೂ ಇಲ್ಲ, ಹಾಗಾಗಿ ಅಷ್ಟು ಬಂದ್ರೆ ಬಿಟ್ಟುಬಿಡಿ. ಎರಡು ಮೂರು ಇಂಚು ತಪ್ಪಿದ್ರೆ ಮಾತ್ರ ಕಣ್ಣಿಗೆ ಹೊಡೆಯುತ್ತೆ.

ಒಂದು ವಿಷಯ ನೆನಪಿಡಿ, ಹೊಂದಿಸಬೇಕಾದ್ದು ಫೋನಿನ ಮಧ್ಯ ಅಲ್ಲ, ಲೆನ್ಸಿನ ಮಧ್ಯ. ಲೆನ್ಸ್ ಫೋನಿನ ಮೂಲೆಯಲ್ಲಿರುತ್ತೆ. ಮೂರು ಲೆನ್ಸ್ ಇದ್ರೆ ಈಗ ಯಾವುದು ಕೆಲಸ ಮಾಡ್ತಿದೆ ಅಂತ ಬೆರಳಿಟ್ಟು ಮುಚ್ಚಿ ನೋಡಿದ್ರೆ ಗೊತ್ತಾಗುತ್ತೆ.

ಗೋಡೆಯಿಂದ ಇಳಿಸದೆ ತೆಗೀಬಹುದಾ? ದೊಡ್ಡಮ್ಮ ಮುಟ್ಟೋಕೆ ಬಿಡ್ತಿಲ್ಲ.

ಆಗುತ್ತೆ, ಕಷ್ಟ ಜಾಸ್ತಿ ಅಷ್ಟೇ. ಹಳೇ ಫೋಟೋಗಳನ್ನ ಗೋಡೆ ಮೇಲೆ ಎತ್ತರದಲ್ಲಿ, ಮೇಲಿನ ಅಂಚು ಮುಂದಕ್ಕೆ ವಾಲೋ ಹಾಗೆ ಹಗ್ಗ ಕಟ್ಟಿ ನೇತಾಕಿರ್ತಾರೆ, ಕೆಳಗೆ ನಿಂತವರಿಗೆ ಕಾಣ್ಲಿ ಅಂತ. ಅದರ ಎದುರು ಸ್ಟೂಲ್ ಹತ್ತಿ ಫೋನ್ ನೆಟ್ಟಗೆ ಹಿಡಿದ್ರೆ ಫೋಟೋದ ಮೇಲ್ಭಾಗ ಹತ್ರ, ಕೆಳಭಾಗ ದೂರ, ಅದಕ್ಕೇ ಮೇಲೆ ಅಗಲ. ಫೋನಿನ ಲೆವೆಲ್ ಮೀಟರ್ ಸೊನ್ನೆ ತೋರಿಸಿದ್ರೂ ಓರೆನೇ ಬರುತ್ತೆ, ಯಾಕಂದ್ರೆ ಗೋಡೆ ನೆಟ್ಟಗಿದೆ, ಫ್ರೇಮ್ ನೆಟ್ಟಗಿಲ್ಲ. ಫ್ರೇಮಿನ ಹಿಂದೆ ಮೇಲುಗಡೆ ನ್ಯೂಸ್‌ಪೇಪರ್ ಮಡಿಸಿ ತುಂಬಿದ್ರೆ ಇನ್ನೂ ಮುಂದಕ್ಕೆ ಬರುತ್ತೆ, ಹಾಗೆ ಮಾಡ್ಬೇಡಿ. ಕೆಳಗಡೆ ತುಂಬಿದ್ರೆ ಗೋಡೆಗೆ ಸಮ ಆಗುತ್ತೆ. ಇಲ್ಲಾಂದ್ರೆ ಮೇಲೆ ಹೇಳಿದ ಲೆನ್ಸ್ ಬಿಂಬದ ಉಪಾಯ ಮಾಡಿ, ಅದಕ್ಕೆ ಫ್ರೇಮ್ ಎಷ್ಟು ವಾಲಿದೆ ಅನ್ನೋ ಚಿಂತೆನೇ ಇಲ್ಲ.

ದೊಡ್ಡಮ್ಮನ ಹತ್ರ ಹಾರ ತೆಗೆಯೋಕೆ ಮಾತ್ರ ಪರ್ಮಿಷನ್ ಕೇಳಿ. ಪ್ಲಾಸ್ಟಿಕ್ ಹಾರ ಇದ್ರೆ ಬೆಳಕು ಎಲ್ಲೆಲ್ಲೋ ಚದುರುತ್ತೆ. ಗಾಜಿನ ಮೇಲಿನ ಕುಂಕುಮ ಒಣ ಬಟ್ಟೇಲಿ ಹೋಗಲ್ಲ ಅಂದ್ರೆ ಬಟ್ಟೆ ಒದ್ದೆ ಮಾಡಿ ಹಿಂಡಿ ಒರೆಸಿ, ಗಾಜಿಗೆ ನೇರವಾಗಿ ನೀರು ಸ್ಪ್ರೇ ಮಾಡ್ಬೇಡಿ, ಕೆಳಗಿನ ಅಂಚಲ್ಲಿ ಒಳಗೆ ಇಳಿಯುತ್ತೆ.

ಬೆಳಕು ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ. ಟಾರ್ಚ್ ಹಿಡಿದ್ರೆ ಆಗುತ್ತಾ?

ಟಾರ್ಚ್, ಫ್ಲ್ಯಾಶ್ ಎರಡೂ ಆಫ್. ಸಣ್ಣ ಜಾಗದಿಂದ ಬರೋ ಬೆಳಕು ಹತ್ರದಲ್ಲಿ ತುಂಬಾ, ಸ್ವಲ್ಪ ದೂರ ಹೋದ್ರೆ ಏನೂ ಇಲ್ಲ ಅನ್ನೋ ಥರ ಬೀಳುತ್ತೆ. ನಮಗೆ ಬೇಕಿರೋದು ದೊಡ್ಡ ಜಾಗದಿಂದ ಬರೋ ಬೆಳಕು, ಅಂದ್ರೆ ಕಿಟಕಿ, ಜಗಲಿ, ಮೋಡದ ಆಕಾಶ. ಮಳೆಗಾಲದಲ್ಲಿ ಇಡೀ ಆಕಾಶ ಒಂದೇ ಥರ ಬೆಳ್ಳಗಿರುತ್ತೆ ನೋಡಿ, ಇದಕ್ಕೆ ಅದಕ್ಕಿಂತ ಒಳ್ಳೆ ಬೆಳಕು ಇಲ್ಲ. ಕರೆಂಟ್ ಹೋಗಿದ್ರೆ ಇನ್ನೂ ಒಳ್ಳೇದು, ಟ್ಯೂಬ್‌ಲೈಟ್ ಆಫ್ ಮಾಡಿ ಅಂತ ಯಾರಿಗೂ ಹೇಳ್ಬೇಕಾಗಿಲ್ಲ. ಬಿಸಿಲು ಇರೋ ದಿನ ಕಾಫಿ ಕಣದಲ್ಲಿ ತೆಗೆದುಕೊಂಡು ಹೋಗಿ ಇಡ್ಬೇಡಿ, ನೇರ ಬಿಸಿಲಲ್ಲಿ ಫ್ರೇಮಿನ ಅಂಚಿನ ನೆರಳು ಫೋಟೋ ಮೇಲೆ ಬೀಳುತ್ತೆ, ಗಾಜಿನ ಮೇಲಿನ ಪ್ರತಿಯೊಂದು ಧೂಳಿನ ಕಣನೂ ಹೊಳೆಯುತ್ತೆ, ಹಳೇ ಫೋಟೋಗೂ ಒಳ್ಳೇದಲ್ಲ.

ಕಿಟಕಿ ಎಲ್ಲಿರಬೇಕು ಅನ್ನೋದು ಮುಖ್ಯ. ಫೋನ್ ಮತ್ತೆ ಫ್ರೇಮ್ ನಡುವೆ ಒಂದು ಗೆರೆ ಎಳೆದ್ರೆ ಕಿಟಕಿ ಆ ಗೆರೆಯ ಪಕ್ಕದಲ್ಲಿ, ಬೆಳಕು ಫೋಟೋ ಮೇಲೆ ಸುಮಾರು 45 ಡಿಗ್ರಿ ಓರೆಯಲ್ಲಿ ಬೀಳೋ ಹಾಗೆ ಇರಬೇಕು. ಫೋನಿನ ಹಿಂದೆ ಇದ್ರೆ ಗಾಜಲ್ಲಿ ಬರುತ್ತೆ. ತೀರಾ ಪಕ್ಕಕ್ಕೆ ಇದ್ರೆ ಗಾಜಲ್ಲಿ ಬರಲ್ಲ ನಿಜ, ಆದ್ರೆ ದಪ್ಪ ಮರದ ಫ್ರೇಮ್ ತನ್ನ ನೆರಳನ್ನ ಫೋಟೋ ಮೇಲೆ ಹಾಕುತ್ತೆ, ಫೋಟೋ ಕಾಗದದ ಸುಕ್ಕು ಕೂಡ ಎದ್ದು ಕಾಣುತ್ತೆ.

ಒಂದೇ ಕಿಟಕಿ ಇದ್ರೆ ಕಿಟಕಿ ಕಡೆ ಅಂಚು ಬೆಳ್ಳಗೆ, ಆಚೆ ಅಂಚು ಕಪ್ಪಗೆ ಬರೋದು ಗ್ಯಾರಂಟಿ. ಎರಡು ಕೆಲಸ ಮಾಡಿ. ಮೊದಲನೇದು ಕಿಟಕಿಯಿಂದ ದೂರ ಬನ್ನಿ. ಎರಡಡಿ ದೂರದಲ್ಲಿದ್ರೆ ಹತ್ರದ ಅಂಚಿಗೂ ದೂರದ ಅಂಚಿಗೂ ತುಂಬಾ ಫರಕ್ಕು, ಆರಡಿಗೆ ಬಂದ್ರೆ ಅದು ತುಂಬಾ ಇಳಿಯುತ್ತೆ. ಬೆಳಕು ಕಮ್ಮಿ ಆಗುತ್ತೆ ಅಂತ ಹೆದರ್ಬೇಡಿ, ಫೋನ್ ಅಲ್ಲಾಡದ ಹಾಗೆ ಇಟ್ಟಿದ್ರೆ ಅದು ನಿಧಾನಕ್ಕೆ ತಗೊಳ್ಳುತ್ತೆ. ಎರಡನೇದು ಕಿಟಕಿಯ ಎದುರು ಬದಿಗೆ, ಫ್ರೇಮಿನ ಪಕ್ಕ ಒಂದೂವರೆ ಅಡಿ ದೂರದಲ್ಲಿ ಬಿಳಿ ಬೆಡ್‌ಶೀಟ್ ಅಥವಾ ಥರ್ಮಾಕೋಲ್ ನಿಲ್ಲಿಸಿ. ಅದು ಕಿಟಕಿ ಬೆಳಕನ್ನ ವಾಪಸ್ ತಳ್ಳುತ್ತೆ. ಆ ಬಿಳಿ ಬೆಡ್‌ಶೀಟ್ ಗಾಜಲ್ಲಿ ಕಾಣ್ತಿದ್ಯಾ ಅಂತ ಮಾತ್ರ ನೋಡ್ಕೊಳ್ಳಿ, ಕಂಡ್ರೆ ಇನ್ನೂ ಪಕ್ಕಕ್ಕೆ ಸರಿಸಿ.

ಇನ್ನೊಂದು, ಜಗಲಿಗೆ ಮಳೆ ಹೊಡೆಯುತ್ತೆ ಅಂತ ನೀಲಿ ಟಾರ್ಪಲ್ ಕಟ್ಟಿದ್ರೆ ಆ ಜಾಗ ಬೇಡ. ಇಡೀ ಫೋಟೋ ನೀಲಿ ಆಗುತ್ತೆ. ಹಸಿರು ಫೈಬರ್ ಶೀಟಿನ ಕೆಳಗೂ ಅದೇ ಕಥೆ.

ಬೆಳಕು ಸಮ ಇದ್ಯಾ ಅಂತ ಗೊತ್ತಾಗೋದು ಹೇಗೆ? ಕಣ್ಣಿಗೆ ಸರಿ ಕಾಣುತ್ತೆ.

ಕಣ್ಣು ಇದರಲ್ಲಿ ತುಂಬಾ ಮೋಸ ಮಾಡುತ್ತೆ. ಫ್ರೇಮಿನ ಗಾಜಿನ ಮೇಲೆ ಒಂದು ಬಿಳಿ ಚಾರ್ಟ್ ಪೇಪರ್ ಒರಗಿಸಿ, ಏನೂ ಅಲ್ಲಾಡಿಸದೆ ಅದರ ಒಂದು ಫೋಟೋ ತೆಗೀರಿ. ಆಮೇಲೆ ಗ್ಯಾಲರಿಯ ಎಡಿಟಲ್ಲಿ ಕಾಂಟ್ರಾಸ್ಟ್ ಪೂರ್ತಿ ಮೇಲಕ್ಕೆ ಎಳೀರಿ. ಯಾವ ಮೂಲೆ ಬೂದಿ ಬಣ್ಣಕ್ಕೆ ತಿರುಗುತ್ತೋ ಅಲ್ಲಿ ಬೆಳಕು ಕಮ್ಮಿ. ಬಿಳಿ ಪೇಪರ್ ಮಧ್ಯದಲ್ಲಿ ಒಂದು ಪೆನ್ಸಿಲನ್ನ ಕಡ್ಡಿ ಥರ ನೆಟ್ಟಗೆ ಮುಂದಕ್ಕೆ ಚಾಚಿ ಹಿಡಿದ್ರೂ ಗೊತ್ತಾಗುತ್ತೆ: ಎಡಕ್ಕೂ ಬಲಕ್ಕೂ ಬೀಳೋ ನೆರಳು ಒಂದೇ ಕಪ್ಪು ಇದ್ರೆ ಎರಡೂ ಕಡೆಯ ಬೆಳಕು ಸಮ.

ಇದಾದ್ಮೇಲೂ ಫೋಟೋದ ಒಂದು ಬದಿ ಮಾಸಲು ಕಾಣ್ತಿದ್ರೆ ಫ್ರೇಮನ್ನ ತಲೆಕೆಳಗೆ ಮಾಡಿ ಇನ್ನೊಂದು ಫೋಟೋ ತೆಗೀರಿ. ಮಾಸಲು ಬದಿ ಫ್ರೇಮ್ ಜೊತೆ ತಿರುಗಿದ್ರೆ ಅದು ಫೋಟೋನೇ ಹಳೇದಾಗಿ ಮಾಸಿರೋದು, ನಿಮ್ಮ ತಪ್ಪಲ್ಲ. ಕಿಟಕಿ ಆಚೆ ಬದಿಯಲ್ಲೇ ಉಳಿದ್ರೆ ಬೆಳಕಿನ ತಪ್ಪು. ನಾನು ಒಂದು ಸಲ ಇದನ್ನ ಮಾಡದೆ ಒಂದು ಗಂಟೆ ಬೆಡ್‌ಶೀಟ್ ಸರಿಸ್ತಾ ಕೂತಿದ್ದೆ, ಕೊನೆಗೆ ನೋಡಿದ್ರೆ ಫೋಟೋ ಐವತ್ತು ವರ್ಷ ಕಿಟಕಿ ಪಕ್ಕ ನೇತಾಡಿ ಬಲಗಡೆ ಬಿಳಿಚಿಕೊಂಡಿತ್ತು.

ಎಷ್ಟು ದೂರದಿಂದ ತೆಗೀಬೇಕು? ಝೂಮ್ ಹಾಕಬಹುದಾ?

ಹತ್ರ ಹೋಗಿ 1x ಅಲ್ಲಿ ತೆಗೆಯೋದಕ್ಕಿಂತ ಹಿಂದೆ ಸರಿದು 2x ಅಲ್ಲಿ ತೆಗೀರಿ. 16 ಇಂಚಿನ ಫ್ರೇಮಿಗೆ ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆಯೋಕೆ ಹೆಚ್ಚಿನ ಫೋನಲ್ಲಿ 1x ಗೆ ಒಂದೂಕಾಲು ಅಡಿ ದೂರ, 2x ಗೆ ಎರಡೂವರೆ ಅಡಿ. ಒಂದೂಕಾಲು ಅಡಿಯಲ್ಲಿ ಫೋನು, ನಿಮ್ಮ ಕೈ, ಬಟ್ಟೆ ಎಲ್ಲಾ ಸೇರಿ ಬರೋ ಬೆಳಕಿಗೇ ಅಡ್ಡ ನಿಲ್ಲುತ್ತೆ. ಎರಡೂವರೆ ಅಡಿಯಲ್ಲಿ ಪಕ್ಕದಿಂದ ಬೆಳಕು ಒಳಗೆ ಬರೋಕೆ ದಾರಿ ಇರುತ್ತೆ, ಗಾಜು ಪಕ್ಕಕ್ಕೆ ಇಣುಕೋ ಕೋನವೂ ಸಣ್ಣದಾಗುತ್ತೆ, ಕಿಟಕಿ ಬಿಂಬ ತಪ್ಪಿಸೋದು ಸುಲಭ.

0.5x ಮಾತ್ರ ಬೇಡವೇ ಬೇಡ, ಅಂಚುಗಳು ಬಿಲ್ಲಿನ ಹಾಗೆ ಬಾಗುತ್ತೆ. ಕೆಲವು ಫೋನು ಹತ್ರ ಹೋದ ಕೂಡ್ಲೇ ಹೇಳದೆ ಕೇಳದೆ ಮ್ಯಾಕ್ರೋಗೆ ಅಂತ ಆ ಲೆನ್ಸಿಗೇ ಹಾರುತ್ತೆ, ಮ್ಯಾಕ್ರೋ ಆಫ್ ಮಾಡಿ. 2x ದಾಟಿ ಬೆರಳಲ್ಲಿ ಎಳೆದು ಝೂಮ್ ಮಾಡೋದೂ ಬೇಡ, ಹೆಚ್ಚಿನ ಫೋನಲ್ಲಿ ಅದು ಬರೀ ಹಿಗ್ಗಿಸೋದು, ಹೊಸದಾಗಿ ಏನೂ ಬರಲ್ಲ. 12 ಮೆಗಾಪಿಕ್ಸೆಲ್ ಫೋಟೋದಲ್ಲಿ ಉದ್ದಕ್ಕೆ ಸುಮಾರು 4000 ಪಿಕ್ಸೆಲ್ ಇರುತ್ತೆ, ಅದರಲ್ಲಿ 12 ಇಂಚಿನ ಫೋಟೋ 2400 ಪಿಕ್ಸೆಲ್ ಅಷ್ಟು ತುಂಬಿದ್ರೂ ಇಂಚಿಗೆ 200 ಸಿಗುತ್ತೆ, ಅದೇ ಸೈಜಿಗೆ ಪ್ರಿಂಟ್ ಹಾಕಿಸೋಕೆ ಸಾಕು. ಒಂದೊಂದೇ ಮುಖ ದೊಡ್ಡದಾಗಿ ಬೇಕು ಅಂದ್ರೆ ಫೋಟೋನ ಭಾಗ ಭಾಗವಾಗಿ ಹತ್ರದಿಂದ ಬೇರೆ ತೆಗೀರಿ.

ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದ್ರೆ ಬಿಂಬ ಹೋಗುತ್ತಂತೆ? ಕೂಲಿಂಗ್ ಗ್ಲಾಸ್ ಮುಂದೆ ಹಿಡಿದು ನೋಡಿದೆ, ಏನೂ ಆಗ್ಲಿಲ್ಲ.

ಆಗಲ್ಲ. ಗಾಜಿನ ಬಿಂಬಾನ ಪೋಲರೈಸರ್ ಚೆನ್ನಾಗಿ ತಡೆಯೋದು ನೀವು ಗಾಜನ್ನ ಓರೆಯಿಂದ, ನೇರ ಎದುರಿಂದ ಸುಮಾರು 56 ಡಿಗ್ರಿ ಪಕ್ಕಕ್ಕೆ ಸರಿದು ನೋಡಿದಾಗ. ನಾವು ನಿಂತಿರೋದು ನೇರ ಎದುರು, ಅಲ್ಲಿ ಅದು ಬೆಳಕು ಕಮ್ಮಿ ಮಾಡೋದು ಬಿಟ್ರೆ ಬೇರೆ ಏನೂ ಮಾಡಲ್ಲ. ಸ್ಟುಡಿಯೋದವರು ಲೈಟಿಗೂ ಪೋಲರೈಸರ್ ಶೀಟ್ ಹಾಕಿ, ಲೆನ್ಸಿಗೂ ಹಾಕಿ ಅಡ್ಡ ತಿರುಗಿಸ್ತಾರೆ, ಅದು ಕೆಲಸ ಮಾಡುತ್ತೆ. ಕಿಟಕಿಗೆ ಶೀಟ್ ಹಾಕೋಕೆ ಆಗಲ್ಲ ಅಲ್ವಾ. ಪಂಚೆನೇ ವಾಸಿ.

ಒಂದು ಸಲ ಮೊದಲಿಂದ ಕೊನೇವರೆಗೆ ಹೇಗೆ ಮಾಡಿದ್ರಿ ಹೇಳಿ.

ಹೋದ ಜುಲೈಯಲ್ಲಿ ಪೊನ್ನಂಪೇಟೆ ಹತ್ರ ನಮ್ಮ ಸಂಬಂಧಿಕರ ಮನೇಲಿ ಮಾಡಿದ್ದು. ಫೋಟೋ 12 ಇಂಚು ಅಗಲ 10 ಇಂಚು ಎತ್ತರ, ಸುತ್ತ ಕೆನೆ ಬಣ್ಣದ ರಟ್ಟಿನ ಮೌಂಟು, ಗಾಜು 16ಕ್ಕೆ 14. ಹನ್ನೊಂದು ಜನ, ಆರು ಜನ ಕಪ್ಪು ಕುಪ್ಯ, ಸೊಂಟದಲ್ಲಿ ಪೀಚೆಕತ್ತಿ, ಮನೆ ಮೆಟ್ಟಿಲ ಮೇಲೆ ನಿಂತಿದ್ದಾರೆ. ಆ ಮನೆ ಹುಡುಗ ಮೊದಲೇ ತೆಗೆದಿದ್ದ ಫೋಟೋ ನೋಡಿದೆ, ಗೋಡೆ ಮೇಲಿದ್ದ ಹಾಗೇ ತೆಗೆದದ್ದು, ನಡುವಿನ ಮೂರು ಕುಪ್ಯದ ಮೇಲೆ ಎದುರಿನ ಬಾಗಿಲು ಬೆಳ್ಳಗೆ ಬಿದ್ದು ಪೀಚೆಕತ್ತಿ ಇದೆ ಅನ್ನೋದೇ ಗೊತ್ತಾಗ್ತಿರಲಿಲ್ಲ.

ಬೆಳಗ್ಗೆ ಹತ್ತೂವರೆ, ಹೊರಗೆ ಜೋರು ಮಳೆ, ಕರೆಂಟ್ ಇಲ್ಲ. ಫ್ರೇಮ್ ಇಳಿಸಿ ಊಟದ ಕುರ್ಚಿ ಮೇಲೆ ಇಟ್ಟೆವು, ಬೆನ್ನಿಗೆ ಒರಗಿಸಿದಾಗ ಸ್ವಲ್ಪ ಹಿಂದಕ್ಕೆ ವಾಲಿತು, ವಾಲ್ಲಿ ಬಿಡಿ ಅಂದೆ. ಎಡಗಡೆ ದೊಡ್ಡ ಕಿಟಕಿ, ಐದೂವರೆ ಅಡಿ ದೂರ. ಬಲಗಡೆ ಇನ್ನೊಂದು ಕುರ್ಚಿಗೆ ಬಿಳಿ ಬೆಡ್‌ಶೀಟ್. ಎದುರು ಎರಡೂವರೆ ಅಡಿ ದೂರದಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ, ಅದರ ಮೇಲೆ ಕಪ್ಪು ಪಂಚೆ. ಟ್ರೈಪಾಡ್ ತಂದಿರಲಿಲ್ಲ, ಸ್ಟೂಲ್ ಮೇಲೆ ಸ್ಟೀಲ್ ಡಬ್ಬ ಇಟ್ಟು ಡಬ್ಬಕ್ಕೆ ಫೋನನ್ನ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆ, ಲೆನ್ಸ್ ಡಬ್ಬದ ಅಂಚಿಂದ ಆಚೆ ಬರೋ ಹಾಗೆ.

ಪಂಚೆ ಸರಿಸಿ 2x ಅಲ್ಲಿ ನೋಡಿದ್ರೆ ಲೆನ್ಸಿನ ಬಿಂಬ ಮಧ್ಯಕ್ಕಿಂತ ಮೂರು ಇಂಚು ಮೇಲೆ, ಒಂದು ಇಂಚು ಬಲಕ್ಕೆ ಇತ್ತು. ಮೂರು ಇಂಚು ಅಂದ್ರೆ ಆರು ಡಿಗ್ರಿ ಹತ್ರ, ಫೋನು ಫ್ರೇಮಿನ ವಾಲಿಕೆಗಿಂತ ಜಾಸ್ತಿ ಕೆಳಕ್ಕೆ ನೋಡ್ತಿತ್ತು. ಡಬ್ಬದ ಹಿಂದಿನ ತಳಕ್ಕೆ ಇಟ್ಟಿದ್ದ ಮಡಚಿದ ರಟ್ಟು ಸ್ವಲ್ಪ ಸ್ವಲ್ಪ ಹೊರಗೆ ಎಳೆದು ಬಿಂಬಾನ ಮಧ್ಯಕ್ಕೆ ತಂದೆ. ಹಾಗೆ ತಂದಾಗ ಫೋಟೋ ಸ್ಕ್ರೀನಲ್ಲಿ ಕೆಳಗೆ ಹೋಯ್ತು, ಅಂದ್ರೆ ಕೋನ ಸರಿ, ಎತ್ತರ ತಪ್ಪು. ಸ್ಟೂಲ್ ಬದಲಿಸಿ ಗಿಡ್ಡದು ಹಾಕಿದೆ, ಮತ್ತೆ ಬಿಂಬ ನೋಡಿದೆ. ಈ ಎರಡು ಒಟ್ಟಿಗೆ ಸರಿ ಹೋಗೋಕೆ ಕಾಲು ಗಂಟೆ ಹಿಡೀತು, ಉಳಿದ ಕೆಲಸ ಎಲ್ಲ ಸೇರಿ ಐದು ನಿಮಿಷ.

ಆಮೇಲೆ ಪಂಚೆ ಮುಚ್ಚಿ ಲೆನ್ಸಿನ ಸುತ್ತ ಎರಡು ಕ್ಲಿಪ್. ಗಾಜು ಇದ್ದಕ್ಕಿದ್ದ ಹಾಗೆ ಇಲ್ಲವೇನೋ ಅನ್ನೋ ಥರ ಆಯ್ತು. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನ ಸ್ವಲ್ಪ ಕಮ್ಮಿ ಮಾಡಿ ಹೆಂಗಸರ ಬಿಳಿ ಸೀರೆಯ ನೆರಿಗೆ ಕಾಣೋವರೆಗೆ ಇಳಿಸಿ, ಮೂರು ಸೆಕೆಂಡ್ ಟೈಮರ್ ಇಟ್ಟು ನಾಲ್ಕು ಸಲ ತೆಗೆದೆ. ಮೊದಲನೇದರಲ್ಲಿ ಎಡ ಮೇಲ್ಮೂಲೆಯಲ್ಲಿ ಒಂದು ಬಿಳಿ ಗೀರು ಬಂತು, ಏನು ಅಂತ ತಲೆ ಕೆಡಿಸ್ಕೊಂಡ್ರೆ ಪಂಚೆ ಹಗ್ಗದ ಮೇಲೆ ಸಾಲದೆ ಮೇಲೆ ಗೋಡೆ ಇಣುಕ್ತಿತ್ತು. ಹಗ್ಗ ಎತ್ತರಿಸಿದ ಮೇಲೆ ಹೋಯ್ತು. ಆ ಮನೆ ಅಜ್ಜಿ ಫೋನಲ್ಲಿ ದೊಡ್ಡದು ಮಾಡಿ ನೋಡಿ, "ಇವನ ಪೀಚೆಕತ್ತಿಗೆ ಸರಪಳಿ ಇತ್ತು ಅಂತ ನಂಗೆ ಈಗ ಗೊತ್ತಾಯ್ತು ಮಾರ್ರೆ" ಅಂದ್ರು.

ಇಷ್ಟೆಲ್ಲ ಯಾಕೆ, ಗಾಜು ಬಿಚ್ಚಿ ತೆಗೆದ್ರೆ ಆಗಲ್ವಾ?

ಫೋಟೋ ಗಾಜಿಗೆ ಅಂಟಿಲ್ಲ ಅಂತ ಖಂಡಿತ ಗೊತ್ತಿದ್ರೆ ಮಾತ್ರ. ಕಪ್ಪು ಬಿಳುಪು ಫೋಟೋದ ಮೇಲ್ಪದರ ಜೆಲಟಿನ್, ಅದು ತೇವ ಕುಡಿದು ಉಬ್ಬಿ ಮೆತ್ತಗಾಗುತ್ತೆ, ಮೌಂಟ್ ಇಲ್ಲದೆ ನೇರ ಗಾಜಿಗೆ ತಾಗಿದ್ರೆ ಒಣಗುವಾಗ ಗಾಜನ್ನೇ ಹಿಡ್ಕೊಳ್ಳುತ್ತೆ. ಕೊಡಗಿನ ಮಳೆಗಾಲ ಎಷ್ಟು ಕಂಡಿದೆಯೋ ಆ ಫೋಟೋ ಅಂತ ಯೋಚಿಸಿ. ಎಳೆದ್ರೆ ಮುಖ ಗಾಜಿನ ಮೇಲೆ, ಕಾಗದ ನಿಮ್ಮ ಕೈಯಲ್ಲಿ.

ಅಂಟಿದ್ಯಾ ಅಂತ ನೋಡೋಕೆ ಫ್ರೇಮನ್ನ ಕಿಟಕಿ ಕಡೆ ಹಿಡಿದು ತೀರಾ ಓರೆಯಿಂದ ನೋಡಿ. ಅಂಟಿರೋ ಜಾಗ ಒದ್ದೆ ಆಗಿರೋ ಥರ ಗಾಢವಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತೆ. ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರ ಕಂಡ್ರೆ ಕೂದಲಷ್ಟೂ ಜಾಗ ಇಲ್ಲದ ಹಾಗೆ ತಾಗಿದೆ ಅಂತ. ಹಾಗಿದ್ರೆ ಬಿಚ್ಚೋಕೇ ಹೋಗ್ಬೇಡಿ, ಗಾಜಿನ ಮೂಲಕವೇ ತೆಗೀರಿ. ಮೌಂಟ್ ಇರೋ ಫ್ರೇಮಲ್ಲಿ ಮೌಂಟಿನ ದಪ್ಪದಷ್ಟು ಜಾಗ ಇರುತ್ತೆ, ಅಂಟೋದು ಕಮ್ಮಿ, ಆದ್ರೂ ನೋಡದೆ ಮೊಳೆ ಕೀಳ್ಬೇಡಿ.

ಗಾಜು ಬಿಚ್ಚಿ ತೆಗೆದೆ, ಆದ್ರೂ ಅಂಚಲ್ಲಿ ನೀಲಿ ನೀಲಿ ಹೊಳಪು ಬರುತ್ತೆ.

ಅದು ಬೆಳ್ಳಿ. ಹಳೇ ಕಪ್ಪು ಬಿಳುಪು ಫೋಟೋದ ಕಪ್ಪು ಅಂದ್ರೆ ಬೆಳ್ಳಿಯ ಕಣಗಳೇ, ತೇವ ಮತ್ತೆ ಗಾಳಿಗೆ ಅದು ನಿಧಾನಕ್ಕೆ ಮೇಲ್ಮೈಗೆ ಬಂದು ಕನ್ನಡಿ ಥರ ಕೂರುತ್ತೆ, ಗಾಢ ಜಾಗದಲ್ಲಿ, ಅಂಚಲ್ಲಿ ಜಾಸ್ತಿ. ಒರೆಸಿದ್ರೆ ಫೋಟೋನೇ ಹೋಗುತ್ತೆ, ಒರೆಸ್ಬೇಡಿ. ಗಾಜಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿ, ಕಪ್ಪು ಬಟ್ಟೆ ಹಾಗೇ ಇರ್ಲಿ, ಬೆಳಕಿನ ಓರೆ ಸ್ವಲ್ಪ ಬದಲಿಸಿ. ಪೂರ್ತಿ ಹೋಗಲ್ಲ, ಮುಕ್ಕಾಲು ಹೋಗುತ್ತೆ.

ಫೋನಲ್ಲಿ ಯಾವ ಮೋಡ್ ಇಡ್ಬೇಕು?

ಮಾಮೂಲಿ ಫೋಟೋ ಮೋಡ್. ಬ್ಯೂಟಿ ಪೂರ್ತಿ ಸೊನ್ನೆ, ಇಲ್ಲಾಂದ್ರೆ ಮುತ್ತಜ್ಜನ ಸುಕ್ಕೆಲ್ಲ ಹೋಗಿ ಮೇಣದ ಗೊಂಬೆ ಆಗ್ತಾನೆ. ಪೋರ್ಟ್ರೇಟ್ ಬೇಡ. ಡಾಕ್ಯುಮೆಂಟ್ ಸ್ಕ್ಯಾನ್ ಅಂತೂ ಬೇಡ, ಅದು ಅಕ್ಷರ ಓದೋಕೆ ಮಾಡಿದ್ದು, ಬೂದಿ ಬಣ್ಣಗಳನ್ನೆಲ್ಲ ಕಪ್ಪಿಗೋ ಬಿಳಿಗೋ ತಳ್ಳುತ್ತೆ. ಕಂದು ಬಣ್ಣದ ಹಳೇ ಫೋಟೋ ಆಗಿದ್ರೆ ಫ್ರೇಮಿನ ಪಕ್ಕ ಒಂದು ಬಿಳಿ ಕಾಗದ ಇಟ್ಟು ಅದೂ ಬರೋ ಹಾಗೆ ತೆಗೀರಿ, ಫೋನ್ ಆ ಕಂದನ್ನ ತೊಳೆದು ಹಾಕಿದ್ರೆ ಆಮೇಲೆ ಆ ಕಾಗದ ನೋಡಿ ವಾಪಸ್ ತರಬಹುದು.

ಫೋಟೋಸ್ಕ್ಯಾನ್ ಆಪ್ ಸಾಕಲ್ವಾ?

ಗೂಗಲ್ಲಿನ ಆ ಆಪು ಫೋನನ್ನ ನಾಲ್ಕು ಚುಕ್ಕಿಗಳ ಕಡೆ ಸರಿಸೋಕೆ ಹೇಳಿ, ಹಲವು ಸಲ ತೆಗೆದು, ಬಿಂಬ ಇಲ್ಲದ ಭಾಗ ಆರಿಸಿ ಜೋಡಿಸುತ್ತೆ. ಟ್ಯೂಬ್‌ಲೈಟಿನ ಸಣ್ಣ ಹೊಳಪು ತೆಗೆಯೋಕೆ ಚೆನ್ನಾಗಿದೆ. ಆದ್ರೆ ಇಡೀ ಎದುರು ಗೋಡೆ ಬಿಂಬವಾಗಿ ಬಿದ್ದಿದ್ರೆ ಎಲ್ಲಾ ಶಾಟಲ್ಲೂ ಆ ಮಸುಕು ಇರುತ್ತೆ, ಆರಿಸೋಕೆ ಒಳ್ಳೇದು ಅಂತ ಏನೂ ಇರಲ್ಲ. ಆಲ್ಬಮ್ಮಿನ ಸಣ್ಣ ಫೋಟೋಗಳು ನೂರಿದ್ರೆ ಅದನ್ನೇ ಬಳಸಿ, ಗೋಡೆ ಮೇಲಿನ ಒಂದಕ್ಕೆ ಪಂಚೆ ಕಟ್ಟಿ.

ಓರೆ ಬಂದಿರೋ ಫೋಟೋನ ಆಮೇಲೆ ಸರಿ ಮಾಡೋದು?

ಸ್ನ್ಯಾಪ್‌ಸೀಡಲ್ಲಿ ಪರ್ಸ್ಪೆಕ್ಟಿವ್ ಇದೆ, ಮೂಲೆ ಎಳೆದು ಚೌಕ ಮಾಡಬಹುದು. ಎಳೆದ ಮೇಲೆ ಉದ್ದ ಅಗಲದ ಲೆಕ್ಕ ತಪ್ಪಿರುತ್ತೆ, ಅದನ್ನ ಯಾರೂ ನೋಡಲ್ಲ, ಅಜ್ಜಿ ಮುಖ ಸ್ವಲ್ಪ ಉದ್ದ ಕಾಣುತ್ತೆ, ಯಾಕೋ ಅಜ್ಜಿ ಥರ ಇಲ್ಲ ಅಂತಾರೆ. ಅದಕ್ಕೆ ಟೇಪಲ್ಲಿ ಫೋಟೋದ ಅಳತೆ ಮೊದಲೇ ಬರೆದಿಟ್ಕೊಳ್ಳಿ. 12ಕ್ಕೆ 10 ಇದ್ರೆ ಎಳೆದು ಮುಗಿದ ಮೇಲೂ 6ಕ್ಕೆ 5 ಇರಬೇಕು, ಇಲ್ಲ ಅಂದ್ರೆ ಹಿಗ್ಗಿದೆ ಅಂತ.

ರಾತ್ರಿ ಎಲ್‌ಇಡಿ ಬಲ್ಬಲ್ಲಿ ತೆಗೆದ್ರೆ ಅಡ್ಡ ಅಡ್ಡ ಪಟ್ಟಿ ಬರುತ್ತೆ.

ನಮ್ಮ ಕರೆಂಟ್ 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತೆ. ಪ್ರೋ ಮೋಡಿದ್ರೆ ಶಟರ್ 1/50 ಅಥವಾ 1/100 ಇಡಿ, ಪಟ್ಟಿ ಹೋಗುತ್ತೆ. ಪ್ರೋ ಮೋಡ್ ಇಲ್ಲ ಅಂದ್ರೆ ಬೆಳಗಾಗೋವರೆಗೆ ಕಾಯಿರಿ, ಅಷ್ಟು ವರ್ಷ ಗೋಡೆ ಮೇಲೆ ಇದ್ದದ್ದು ಒಂದು ರಾತ್ರೀಲಿ ಎಲ್ಲೂ ಹೋಗಲ್ಲ.